ಬಾಟಲಿಯ ಫೋಟೊ ಇದೆ, ಜಿಡ್ಡಿನ ಮುಖಕ್ಕೆ ಆಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯ ಒಂದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ಕೌಂಟರಿಗೆ ಬಂದು ಫೋನ್ ಮುಂದೆ ಹಿಡಿದು "ಅಕ್ಕಾ, ಇದೇ ಬೇಕು, ನನ್ನ ಮುಖಕ್ಕೆ ಆಗುತ್ತಲ್ವಾ?" ಅಂತ ಕೇಳುವವರು ದಿನಾ ಇರುತ್ತಾರೆ. ಅದರಲ್ಲಿ ಎರಡು ಪ್ರಶ್ನೆಗಳಿವೆ. ಇದು ಯಾವ ಬಾಟಲಿ ಅನ್ನೋದು ಒಂದು. ಒಳಗಿರುವುದು ಜಿಡ್ಡಿನ ಚರ್ಮಕ್ಕೆ ಒಗ್ಗುತ್ತಾ ಅನ್ನೋದು ಇನ್ನೊಂದು. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಎಷ್ಟು ಚೆನ್ನಾಗಿ ಉತ್ತರ ಕೊಟ್ಟರೂ ವ್ಯರ್ಥ. ಅಂಗಡಿಯಲ್ಲಿ, ವಾಟ್ಸಾಪ್‌ನಲ್ಲಿ, ನೆಂಟರ ಮನೆಯಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಫೋಟೊದಿಂದ ಹೆಸರಿಗೆ

ಫೋಟೊ ಮಾತ್ರ ಇದೆ, ಹೆಸರು ಗೊತ್ತಿಲ್ಲ. ಹೇಗೆ ಹುಡುಕೋದು?

ಗೂಗಲ್ ಲೆನ್ಸ್‌ಗೆ ಫೋಟೊ ಕೊಡಿ. ಆದರೆ ಇಡೀ ಫೋಟೊ ಬೇಡ. ಹಿಂದಿನ ಕನ್ನಡಿ, ಪಕ್ಕದ ಬಾಚಣಿಗೆ, ಪೌಡರ್ ಡಬ್ಬಿ ಎಲ್ಲ ಕತ್ತರಿಸಿ, ಬಾಟಲಿಯ ಲೇಬಲ್ ಅಷ್ಟೇ ಚೌಕಟ್ಟಿನೊಳಗೆ ಇರಲಿ. ಇಂಥ ಹುಡುಕಾಟದಲ್ಲಿ ಆಕಾರ, ಬಣ್ಣ ಹೋಲುವ ಬಾಟಲಿಗಳೇ ಮೊದಲು ಬರುತ್ತವೆ. ಹಾಗಾಗಿ ಮೇಲೆ ಬಂದ ಎರಡು ಮೂರು ಚಿತ್ರಗಳನ್ನು "ಇವುಗಳಲ್ಲಿ ಒಂದಿರಬಹುದು" ಅಂತಷ್ಟೇ ತಿಳಿಯಿರಿ.

ಆಮೇಲೆ ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ಅಕ್ಷರ ಓದಿ. ಕಂಪನಿ ಹೆಸರು, ಅದರ ಕೆಳಗಿನ ಹೆಸರು, ಅದರ ಕೆಳಗೆ ಸಣ್ಣದಾಗಿ ಬರೆದಿರುವ ಸಾಲು, ಶೇಕಡಾ ಅಂಕಿ, ಎಷ್ಟು ಎಂಎಲ್. ಆ ಪದಗಳನ್ನೇ ಟೈಪ್ ಮಾಡಿ ಇನ್ನೊಮ್ಮೆ ಹುಡುಕಿ. ಸಿಕ್ಕ ಚಿತ್ರವನ್ನು ನಿಮ್ಮ ಫೋಟೊ ಪಕ್ಕದಲ್ಲಿಟ್ಟು ನಾಲ್ಕು ವಿಷಯ ಹೋಲಿಸಿ: ಹೆಸರಿನ ಪ್ರತಿಯೊಂದು ಪದ, ಲೇಬಲ್‌ನ ಬಣ್ಣದ ಪಟ್ಟಿ, ಮುಚ್ಚಳ ಅಥವಾ ಪಂಪ್‌ನ ಆಕಾರ, ಅಳತೆ. ಅಳತೆ, ಮುಚ್ಚಳ ಬೇರೆ ಇದ್ದರೆ ಅದೇ ವಸ್ತುವಿನ ದೊಡ್ಡ ಬಾಟಲಿ ಇರಬಹುದು. ಹೆಸರಿನಲ್ಲಿ ಒಂದು ಪದ ಬೇರೆ ಇದ್ದರೂ ಅದು ಬೇರೆಯದೇ ವಸ್ತು.

ನೋಡೋಕೆ ಎರಡೂ ಒಂದೇ ಥರ ಇವೆ, ಒಂದೇ ಅಲ್ವಾ?

ಜನ ಜಾಸ್ತಿ ಎಡವುವುದು ಇಲ್ಲೇ. ದಿ ಆರ್ಡಿನರಿ ಅನ್ನುವ ಕೆನಡಾದ ಬ್ರಾಂಡ್ ನೋಡಿ. ಪುಟ್ಟ ಡ್ರಾಪರ್ ಬಾಟಲಿ, ಬಿಳಿ ಲೇಬಲ್, ಸರಳ ಅಕ್ಷರ. ಅವರ ಹತ್ತಾರು ಸೀರಮ್‌ಗಳು ಹೀಗೇ ಇರುತ್ತವೆ. ದೂರದಿಂದ ತೆಗೆದ ಫೋಟೊದಲ್ಲಿ ವ್ಯತ್ಯಾಸ ಕಾಣುವುದು ಲೇಬಲ್ ನಡುವಿನ ಒಂದು ಸಾಲಿನಲ್ಲಿ ಮಾತ್ರ:

```
Niacinamide 10% + Zinc 1%
Salicylic Acid 2% Solution
Hyaluronic Acid 2% + B5
```

ಮೊದಲನೆಯದು ಜಿಡ್ಡು ಕಡಿಮೆ ಮಾಡಲು ಹಚ್ಚುವುದು. ಎರಡನೆಯದು ರಂಧ್ರದೊಳಗಿನ ಕೊಳೆ ಸಡಿಲಿಸುವ ಆಮ್ಲ. ಮೂರನೆಯದು ಚರ್ಮಕ್ಕೆ ನೀರಿನಂಶ ಕೊಡುವಂಥದ್ದು. "ಅಕ್ಕ ಹಚ್ಚಿಕೊಳ್ಳುತ್ತಾಳೆ, ಅದೇ ತಗೊಂಡೆ" ಅಂತ ಒಂದರ ಬದಲು ಇನ್ನೊಂದು ಹಚ್ಚಿಕೊಂಡರೆ ಕೆಲಸವೇ ಬೇರೆಯಾಗುತ್ತದೆ.

ಸೆಟಾಫಿಲ್‌ನಲ್ಲೂ ಹೀಗೇ. ಜೆಂಟಲ್ ಸ್ಕಿನ್ ಕ್ಲೆನ್ಸರ್ ಒಂದು, ಆಯಿಲಿ ಸ್ಕಿನ್ ಕ್ಲೆನ್ಸರ್ ಇನ್ನೊಂದು. ಬ್ರಾಂಡ್ ಹೆಸರು ಎರಡರಲ್ಲೂ ದೊಡ್ಡದಾಗಿ ಕಾಣುತ್ತದೆ, ಬೇರೆ ಮಾಡುವ ಪದ ಸಣ್ಣದಾಗಿರುತ್ತದೆ. ಆ ಸಣ್ಣ ಪದ ನಿಮ್ಮ ಫೋಟೊದಲ್ಲಿ ಓದಲು ಬರದಿದ್ದರೆ ವಸ್ತು ಸಿಕ್ಕಿತು ಅಂತ ತಿಳಿಯಬೇಡಿ.

ಒಮ್ಮೆ ನಾನೇ ಬಣ್ಣ ನೋಡಿ ಒಂದು ಫೇಸ್ ವಾಶ್ ಕೊಟ್ಟುಬಿಟ್ಟಿದ್ದೆ. ಆ ಹುಡುಗನಿಗೆ ಬೇಕಿದ್ದದ್ದು ಜಿಡ್ಡು ಚರ್ಮದ್ದು, ನಾನು ಕೊಟ್ಟದ್ದು ಒಣ ಚರ್ಮದ್ದು. ಮೂರು ವಾರದ ನಂತರ ಅವನು ಅರ್ಧ ಖಾಲಿ ಬಾಟಲಿ ತಂದು ತೋರಿಸಿದಾಗಲೇ ಗೊತ್ತಾಗಿದ್ದು. ಅಂದಿನಿಂದ ಹೆಸರನ್ನು ಗಟ್ಟಿಯಾಗಿ ಪೂರ್ತಿ ಓದಿಯೇ ಕೊಡುತ್ತೇನೆ.

ಫೋಟೊ ಮಬ್ಬಾಗಿದೆ, ಹೊಳೀತಿದೆ, ಅಕ್ಷರ ಕಾಣ್ತಿಲ್ಲ. ಏನು ಮಾಡಲಿ?

ಇನ್ನೊಂದು ಫೋಟೊ ತೆಗೆಸಿಕೊಳ್ಳಿ, ಹಿಂಬದಿಯದ್ದೂ ಬೇಕು ಅನ್ನಿ. ಬಾಟಲಿಯನ್ನು ಬಟ್ಟೆಯಿಂದ ಒರೆಸಿ, ಕಿಟಕಿ ಪಕ್ಕದಲ್ಲಿಡಿ, ಫ್ಲಾಶ್ ಆರಿಸಿ. ಫೋನ್ ತೀರಾ ಹತ್ತಿರ ಒಯ್ದರೆ ಫೋಕಸ್ ತಪ್ಪುತ್ತದೆ. ಒಂದು ಗೇಣಿಗಿಂತ ಸ್ವಲ್ಪ ದೂರ ಹಿಡಿದು ಎರಡು ಪಟ್ಟು ಜೂಮ್ ಮಾಡಿದರೆ ಅಕ್ಷರ ಸ್ಪಷ್ಟವಾಗಿ ಬರುತ್ತವೆ. ದುಂಡು ಬಾಟಲಿಯ ಅಂಚಿನ ಅಕ್ಷರ ಬಾಗಿ ಹೋಗುತ್ತವೆ. ಅದಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೂರು ಫೋಟೊ ತೆಗೆಯಿರಿ. ಒಂದರ ಕೊನೆಯ ಪದ ಇನ್ನೊಂದರ ಮೊದಲಲ್ಲಿ ಮತ್ತೆ ಕಾಣುವಂತಿರಲಿ, ಇಲ್ಲದಿದ್ದರೆ ನಡುವೆ ಎರಡು ಹೆಸರು ಕಳೆದುಹೋದದ್ದೇ ಗೊತ್ತಾಗುವುದಿಲ್ಲ.

ಸೆಲ್ಫಿ ಕ್ಯಾಮೆರಾದಲ್ಲೋ ಕನ್ನಡಿಯಲ್ಲೋ ತೆಗೆದ ಫೋಟೊದಲ್ಲಿ ಅಕ್ಷರ ಉಲ್ಟಾ ಇದ್ದರೆ, ಗ್ಯಾಲರಿಯ ಎಡಿಟ್‌ನಲ್ಲಿ ಎಡ ಬಲ ಅದಲುಬದಲು ಮಾಡುವ ಫ್ಲಿಪ್ ಒತ್ತಿ ಆಮೇಲೆ ಹುಡುಕಿ.

ಬಾರ್‌ಕೋಡ್ ಸ್ಕ್ಯಾನ್ ಮಾಡಿದ್ರೆ ಸಾಕಲ್ವಾ?

ಹೆಸರು ಹಿಡಿಯುವುದಕ್ಕೆ ಅದು ಒಳ್ಳೆಯ ದಾರಿ, ಏಕೆಂದರೆ ಆ 13 ಅಂಕಿ ವಸ್ತು, ಅಳತೆ ಎರಡಕ್ಕೂ ಸೇರಿ ಇರುತ್ತದೆ. 890ರಿಂದ ಶುರುವಾದರೆ ಆ ಸಂಖ್ಯೆಯನ್ನು ಬಾರ್‌ಕೋಡ್ ಸಂಖ್ಯೆ ಕೊಡುವ ಭಾರತದ ಜಿಎಸ್1 ಸಂಸ್ಥೆಯಿಂದ ಪಡೆದಿದ್ದಾರೆ ಎಂದರ್ಥ. ಇಲ್ಲೇ ತಯಾರಾಗಿದೆ ಅಂತ ಅದರಿಂದ ಹೇಳಲಾಗದು. ಓಪನ್ ಬ್ಯೂಟಿ ಫ್ಯಾಕ್ಟ್ಸ್‌ನಂಥ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಸಿಗಬಹುದು, ಆದರೆ ಅದನ್ನು ತುಂಬುವವರು ನಮ್ಮಂಥ ಬಳಕೆದಾರರೇ. ಹಳೆಯ ಪಟ್ಟಿ ಹಾಗೇ ಉಳಿದಿರುವುದುಂಟು. ಇನ್ನೊಂದು ಮಾತು, ನಕಲಿ ಮಾಲು ಮಾಡುವವರು ಬಾರ್‌ಕೋಡನ್ನೂ ನಕಲು ಮಾಡುತ್ತಾರೆ. ಸ್ಕ್ಯಾನ್ ಆಯಿತು ಎಂದರೆ ಅಸಲಿ ಎಂದಲ್ಲ.

## ಹೆಸರಿನಿಂದ ಪಟ್ಟಿಗೆ

ಹೆಸರು ಸಿಕ್ತು. ನೆಟ್‌ನಲ್ಲಿರೋ ಪದಾರ್ಥಗಳ ಪಟ್ಟಿ ನೋಡಿದ್ರೆ ಆಯ್ತಲ್ಲ?

ಕೊಳ್ಳುವ ಮುಂಚೆ ಒಂದು ಅಂದಾಜಿಗೆ ನೋಡಬಹುದು. ಕೊನೆಯ ಮಾತು ಮಾತ್ರ ನಿಮ್ಮ ಕೈಯಲ್ಲಿರುವ ಬಾಟಲಿಯ ಹಿಂಬದಿಯದ್ದೇ.

ಸೆಟಾಫಿಲ್ ಜೆಂಟಲ್ ಸ್ಕಿನ್ ಕ್ಲೆನ್ಸರ್‌ನ ಹಳೆಯ ಪಟ್ಟಿಯಲ್ಲಿ ನೀರು, ಸಿಟೈಲ್ ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್, ಸೋಡಿಯಂ ಲಾರಿಲ್ ಸಲ್ಫೇಟ್, ಕೊನೆಗೆ ಪ್ಯಾರಾಬೆನ್‌ಗಳು ಇದ್ದವು. ಹೊಸದರಲ್ಲಿ ನೀರಿನ ನಂತರ ಗ್ಲಿಸರಿನ್ ಬರುತ್ತದೆ, ನಯಾಸಿನಮೈಡ್ ಇದೆ, ಸಲ್ಫೇಟ್ ಬದಲು ಸೋಡಿಯಂ ಕೊಕೊಯ್ಲ್ ಐಸೆತಿಯೊನೇಟ್ ಅನ್ನುವ ಮೃದುವಾದ ನೊರೆಯ ಪದಾರ್ಥ ಇದೆ. ಹೆಸರು ಬದಲಾಗಿಲ್ಲ, ಒಳಗಿನದು ಬದಲಾಗಿದೆ. ನೆಟ್‌ನಲ್ಲಿ ಎರಡೂ ಪಟ್ಟಿ ಓಡಾಡುತ್ತಿವೆ. ಒಂದೇ ಹೆಸರಿನ ವಸ್ತು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುವುದೂ ಉಂಟು. ದುಬೈನಿಂದ ಚಿಕ್ಕಪ್ಪ ತಂದುಕೊಟ್ಟದ್ದಕ್ಕೂ ಇಲ್ಲಿ ಕೊಂಡದ್ದಕ್ಕೂ ಪಟ್ಟಿ ಬೇರೆ ಇರಬಹುದು.

ಆಮದು ಮಾಲಾದರೆ ಪೆಟ್ಟಿಗೆಯ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳು ಇದನ್ನು ಕೇಳುತ್ತವೆ. ಅದೇನೂ ಇಲ್ಲದ ಬಾಟಲಿಯ ಪಟ್ಟಿಯನ್ನು ಕೂತು ಪರೀಕ್ಷಿಸುವ ಅಗತ್ಯವೇ ಇಲ್ಲ, ಕೊಳ್ಳಬೇಡಿ.

ಬಾಟಲಿ ಮೇಲೆ ಪಟ್ಟಿನೇ ಇಲ್ಲ, ಎಲ್ಲಿರುತ್ತೆ?

ಸಣ್ಣ ಬಾಟಲಿಯಾದರೆ ಹೊರಗಿನ ರಟ್ಟಿನ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ಎಸೆಯುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವದರಲ್ಲಿ ಲೇಬಲ್‌ನ ಮೂಲೆ ಎತ್ತಿದರೆ ಒಳಗೆ ಇನ್ನೊಂದು ಪದರ ಇರುತ್ತದೆ. ಮುಂಭಾಗದಲ್ಲಿ "ಮುಖ್ಯ ಪದಾರ್ಥಗಳು" ಅಂತ ಎರಡು ಮೂರು ಹೆಸರು ಹಾಕಿರುತ್ತಾರಲ್ಲ, ಅದು ಪಟ್ಟಿಯಲ್ಲ. ಅವರು ಹೇಳಿಕೊಳ್ಳಲು ಬಯಸಿದ್ದು ಅಷ್ಟೇ.

ಆಯುರ್ವೇದ ಪರವಾನಗಿಯಲ್ಲಿ ತಯಾರಾದ ಕ್ರೀಮುಗಳದ್ದು ಬೇರೆ ಕಥೆ. ಅವುಗಳಲ್ಲಿ ಬೇವು, ಅರಿಶಿನ, ಲೋಳೆಸರ ಇಂತಿಷ್ಟು ಅಂತ ಬರೆದು, ಕೊನೆಗೆ `Cream base q.s.` ಅಂತ ಮುಗಿಸಿರುತ್ತಾರೆ. ಅದರರ್ಥ, ಉಳಿದದ್ದು ಬೇಕಾದಷ್ಟು ಕ್ರೀಮ್ ಬೇಸ್. ಕ್ರೀಮಿನ ಬಹುಪಾಲು ಆ ಬೇಸೇ. ಅದರಲ್ಲಿ ಯಾವ ಎಣ್ಣೆ, ಯಾವ ಮೇಣ ಇದೆ ಅಂತ ಬರೆದಿರುವುದಿಲ್ಲ. ಬೇವು ಇದೆ ಅಂದಮಾತ್ರಕ್ಕೆ ಜಿಡ್ಡು ಚರ್ಮಕ್ಕೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಕಂಪನಿಯ ಗ್ರಾಹಕ ಸೇವೆಯ ನಂಬರ್ ಪೆಟ್ಟಿಗೆಯಲ್ಲಿರುತ್ತದೆ, ಬೇಸ್‌ನಲ್ಲಿ ಏನಿದೆ ಅಂತ ಕೇಳಿ.

ಫೋಟೊದಿಂದ ಪಟ್ಟಿ ಕಾಪಿ ಮಾಡಿ ವೆಬ್‌ಸೈಟ್‌ಗೆ ಹಾಕಿದ್ರೆ ಏನೇನೋ ಬರುತ್ತೆ ಯಾಕೆ?

ಪದಾರ್ಥಗಳ ಪಟ್ಟಿ ಬಿಡಿಸಿ ಹೇಳುವ ಇನ್ಸಿಡಿಕೋಡರ್‌ನಂಥ ತಾಣಗಳು ಅಲ್ಪವಿರಾಮ ನೋಡಿ ಹೆಸರು ಬೇರೆ ಮಾಡುತ್ತವೆ. `1,2-Hexanediol` ಅನ್ನುವ ಹೆಸರಿನೊಳಗೇ ಅಲ್ಪವಿರಾಮ ಇದೆ, ಹಾಗಾಗಿ ಅದು ಎರಡು ತುಂಡಾಗುವುದುಂಟು. ಸಾಲಿನ ಕೊನೆಯಲ್ಲಿ ಮುರಿದ ಪದ ಇನ್ನೊಂದು ಕಾರಣ. ದೊಡ್ಡಕ್ಷರ ಐ, ಸಣ್ಣಕ್ಷರ ಎಲ್ ಅದಲುಬದಲಾಗುವುದು ಮತ್ತೊಂದು. ಕಾಪಿ ಮಾಡಿದ್ದನ್ನು ಪೆಟ್ಟಿಗೆ ಪಕ್ಕ ಇಟ್ಟುಕೊಂಡು ಒಮ್ಮೆ ಓದಿ ತಿದ್ದಿ. ಐದು ನಿಮಿಷದ ಕೆಲಸ.

## ಪಟ್ಟಿಯಿಂದ ಮುಖಕ್ಕೆ

ನಂದು ಎಣ್ಣೆ ಚರ್ಮ ಹೌದೋ ಅಲ್ವೋ?

ಸೌಮ್ಯವಾದ ಫೇಸ್ ವಾಶ್‌ನಲ್ಲಿ ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಫ್ಯಾನ್ ಕೆಳಗೆ ಕೂತರೆ ಒಳ್ಳೆಯದು, ಬೆವರನ್ನು ಜಿಡ್ಡು ಅಂದುಕೊಳ್ಳುವ ತಪ್ಪು ಆಗುವುದಿಲ್ಲ. ಆಮೇಲೆ ಟಿಶ್ಯೂ ಕಾಗದವನ್ನು ಹಣೆ, ಮೂಗು, ಕೆನ್ನೆಗೆ ಒತ್ತಿ ನೋಡಿ. ಮೂರು ಕಡೆಯೂ ಎಣ್ಣೆ ಕಲೆ ಬಂದರೆ ಎಣ್ಣೆ ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಬಂದರೆ ಮಿಶ್ರ. ಹೊಳೆಯುತ್ತಲೂ ಇದೆ, ಬಿಗಿದು ಉರಿಯುತ್ತಲೂ ಇದೆ ಎಂದರೆ ಅತಿಯಾಗಿ ತೊಳೆದಿದ್ದೀರಿ ಅಂತ ನನ್ನ ಅನುಮಾನ. ಮೊದಲು ಅದನ್ನು ನಿಲ್ಲಿಸಿ.

ಇಷ್ಟುದ್ದ ಪಟ್ಟಿ ಇದೆ, ಎಲ್ಲಿಂದ ಓದಲಿ?

ಮೊದಲಿನಿಂದ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರಬಹುದು. ಆ ಗೆರೆ ಎಲ್ಲಿ ಬೀಳುತ್ತದೆ ಅಂತ ಊಹಿಸುವುದೇ ಪಟ್ಟಿ ಓದುವ ಮುಖ್ಯ ಕೆಲಸ. ಆ ದಿ ಆರ್ಡಿನರಿ ನಯಾಸಿನಮೈಡ್ ಸೀರಮ್ಮನ್ನೇ ತೆಗೆದುಕೊಳ್ಳೋಣ:

```
Aqua (Water), Niacinamide, Pentylene Glycol,
Zinc PCA, Dimethyl Isosorbide,
Tamarindus Indica Seed Gum, Xanthan Gum,
Isoceteth-20, Ethoxydiglycol,
Phenoxyethanol, Chlorphenesin
```

ಇದರ ಹೆಸರೇ ನಮಗೆ ಎರಡು ಗುರುತು ಕೊಡುತ್ತದೆ. ನಯಾಸಿನಮೈಡ್ 10%, ಜಿಂಕ್ ಪಿಸಿಎ 1%. ಅಂದರೆ ನಡುವೆ ಇರುವ ಪೆಂಟಿಲೀನ್ ಗ್ಲೈಕಾಲ್ 10ಕ್ಕೂ 1ಕ್ಕೂ ನಡುವೆ ಎಲ್ಲೋ ಇದೆ. ಜಿಂಕ್ ನಂತರ ಬಂದದ್ದೆಲ್ಲ ಶೇಕಡಾ 1ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಹೆಸರಿನಲ್ಲಿ ಅಂಕಿ ಇಲ್ಲದ ವಸ್ತುಗಳಲ್ಲಿ ನಾನು ಫಿನಾಕ್ಸಿಎಥನಾಲ್ ಹುಡುಕುತ್ತೇನೆ. ಅದು ಕೆಡದಂತೆ ಕಾಯುವ ಪದಾರ್ಥ, ಯುರೋಪಿನಲ್ಲಿ ಅದಕ್ಕೆ 1%ರ ಮಿತಿ ಇದೆ. ಅದರ ನಂತರ ಬಂದ ಗಿಡಮೂಲಿಕೆ ಸಾರ, ವಿಟಮಿನ್ ಎಲ್ಲ ಚಿಟಿಕೆಯಷ್ಟೇ.

ಈಗ ಪಟ್ಟಿಯ ಮೇಲೆ ಕಣ್ಣಾಡಿಸಿ. ಎಣ್ಣೆಯೇ ಇಲ್ಲ, ಬೆಣ್ಣೆ ಇಲ್ಲ, ಮೇಣ ಇಲ್ಲ. ನೀರು, ಕೆಲಸ ಮಾಡುವ ಎರಡು ಪದಾರ್ಥ, ಕರಗಿಸಲು ಬೇಕಾದವು, ಗಟ್ಟಿ ಮಾಡಲು ಎರಡು ಅಂಟು. ಆ ಅಂಟಿನಲ್ಲಿ ಒಂದು ನಮ್ಮ ಹುಣಸೆ ಬೀಜದ್ದು. ಸುವಾಸನೆಯೂ ಇಲ್ಲ. ಜಿಡ್ಡು ಚರ್ಮಕ್ಕೆ ಪಟ್ಟಿಯ ಮಟ್ಟಿಗೆ ಒಗ್ಗುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ 10% ಎಲ್ಲರಿಗೂ ಬೇಕಾಗಿಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2% ನಯಾಸಿನಮೈಡ್ ಹಚ್ಚಿದವರಲ್ಲೇ ಜಿಡ್ಡು ಸ್ವಲ್ಪ ಇಳಿದಿತ್ತು. ಕೆಲವರಿಗೆ 10% ಚುರುಗುಟ್ಟಿ ಕೆಂಪಾಗುತ್ತದೆ. ದಿನ ಬಿಟ್ಟು ದಿನ ಎರಡು ಹನಿಯಿಂದ ಶುರು ಮಾಡಿ. ಮೇಲೆ ಇನ್ನೊಂದು ಕ್ರೀಮ್ ಉಜ್ಜಿದಾಗ ಸಣ್ಣ ಸಣ್ಣ ಉಂಡೆಯಾಗಿ ಉದುರಿದರೆ ಹೆದರಬೇಡಿ, ಸಾಮಾನ್ಯವಾಗಿ ಅದು ಆ ಅಂಟಿನ ಕೆಲಸ. ಕಡಿಮೆ ಹಚ್ಚಿ, ಪೂರ್ತಿ ಒಣಗಲು ಬಿಡಿ.

ಯಾವ ಹೆಸರು ಕಂಡ್ರೆ ಬೇಡ ಅನ್ನಬೇಕು?

ಹಚ್ಚಿ ಹಾಗೇ ಬಿಡುವ ಕ್ರೀಮ್, ಲೋಷನ್, ಸನ್‌ಸ್ಕ್ರೀನ್‌ನಲ್ಲಿ, ಅದೂ ಮೊದಲ ಐದಾರು ಹೆಸರಿನೊಳಗೆ ಇವು ಬಂದರೆ ನಾನು ಬೇರೆ ತೋರಿಸುತ್ತೇನೆ:

```
Cocos Nucifera (Coconut) Oil
Theobroma Cacao (Cocoa) Seed Butter
Isopropyl Myristate
Isopropyl Palmitate
```

ಮೊದಲನೆಯದು ತೆಂಗಿನೆಣ್ಣೆ, ಎರಡನೆಯದು ಕೋಕೋ ಬೆಣ್ಣೆ. ಉಳಿದೆರಡು ಕ್ರೀಮು ನುಣ್ಣಗೆ ಜಾರುವಂತೆ ಮಾಡುವ ಎಸ್ಟರ್‌ಗಳು. ಹಚ್ಚಿದಾಗ ಹಗುರ ಅನಿಸುತ್ತವೆ, ಆದರೆ ಮೊಡವೆ ಬರುವ ಚರ್ಮದಲ್ಲಿ ಕೆಲವರಿಗೆ ರಂಧ್ರ ಕಟ್ಟಿಸುತ್ತವೆ. ಇದೇ ಹೆಸರು ಪಟ್ಟಿಯ ತೀರಾ ಕೊನೆಯಲ್ಲಿದ್ದರೆ, ಅಥವಾ ಒಂದು ನಿಮಿಷದಲ್ಲಿ ತೊಳೆದು ಹೋಗುವ ಫೇಸ್ ವಾಶ್‌ನಲ್ಲಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. `Sodium Cocoyl Isethionate` ನಲ್ಲಿ ತೆಂಗಿನ ಹೆಸರಿನ ಅಂಶ ಕಂಡು ಗಾಬರಿಯಾಗುವವರಿದ್ದಾರೆ. ಅದು ತೆಂಗಿನ ಕೊಬ್ಬಿನಾಮ್ಲದಿಂದ ಮಾಡಿದ ನೊರೆಯ ಪದಾರ್ಥ, ಎಣ್ಣೆಯಲ್ಲ.

ಡೈಮೆಥಿಕೋನ್‌ಗೆ ಸುಮ್ನೆ ಕೆಟ್ಟ ಹೆಸರು ಬಂದಿದೆ. ಅದು ಸಿಲಿಕೋನ್. ಚರ್ಮದ ಮೇಲೆ ತೆಳ್ಳಗೆ ಕೂರುತ್ತದೆ, ಜಿಡ್ಡು ಚರ್ಮದ ಬಹಳಷ್ಟು ಜೆಲ್ ಕ್ರೀಮುಗಳಲ್ಲಿ ಇರುತ್ತದೆ. ಗ್ಲಿಸರಿನ್ ಕೂಡ ಎಣ್ಣೆಯಲ್ಲ, ಅದು ನೀರು ಹಿಡಿದಿಡುವಂಥದ್ದು.

ಪಟ್ಟಿಯಲ್ಲಿ ಆಲ್ಕೋಹಾಲ್ ಇದೆ, ಮುಖ ಒಣಗಿಸಲ್ವಾ?

ಯಾವ ಆಲ್ಕೋಹಾಲ್ ಅನ್ನೋದನ್ನು ನೋಡಿ. ಸಿಟೈಲ್, ಸ್ಟಿಯರಿಲ್, ಸಿಟಿಯರಿಲ್ ಆಲ್ಕೋಹಾಲ್‌ಗಳು ಮೇಣದಂಥ ಗಟ್ಟಿ ವಸ್ತುಗಳು, ಕ್ರೀಮನ್ನು ಮಂದ ಮಾಡುತ್ತವೆ. ಒಣಗಿಸುವುದಿಲ್ಲ. ಬರೀ `Alcohol` ಅಥವಾ `Alcohol Denat.` ಅಂತ ಇದ್ದರೆ ಅದು ಸ್ಪಿರಿಟ್ಟೇ. ಸನ್‌ಸ್ಕ್ರೀನ್ ಬೇಗ ಆರಲೆಂದು ಹಾಕುತ್ತಾರೆ, ಜಿಡ್ಡು ಚರ್ಮದ ಹಲವರಿಗೆ ಅದು ಹಿತವಾಗಿಯೇ ಇರುತ್ತದೆ. ಆದರೆ ಟೋನರ್‌ನಲ್ಲಿ ನೀರಿನ ಪಕ್ಕದಲ್ಲೇ ಬಂದಿದ್ದು, ನಿಮಗೆ ಉರಿ ಬರುವ ಚರ್ಮವಾದರೆ ಬಿಡಿ.

ಒಂದು ಸೈಟ್‌ನಲ್ಲಿ ಕಾಮೆಡೋಜೆನಿಕ್ ಅಂಕ 4 ಅಂತ ತೋರಿಸ್ತು. ಬಾಟಲಿ ಮೇಲೆ ನಾನ್-ಕಾಮೆಡೋಜೆನಿಕ್ ಅಂತಿದೆ. ಯಾವುದು ನಿಜ?

ಕಾಮೆಡೋಜೆನಿಕ್ ಅಂದರೆ ರಂಧ್ರ ಕಟ್ಟಿಸುವಂಥದ್ದು. ಎರಡನ್ನೂ ಸ್ವಲ್ಪ ಅಂತರದಲ್ಲಿಡಿ. 0ಯಿಂದ 5ರವರೆಗಿನ ಆ ಅಂಕಗಳ ಮೂಲ ಮೊಲದ ಕಿವಿಯ ಮೇಲೆ ಮಾಡಿದ ಪರೀಕ್ಷೆಗಳು. ಮೊಲದ ಕಿವಿಯ ಚರ್ಮ ನಮ್ಮ ಮುಖಕ್ಕಿಂತ ಬೇಗ ರಂಧ್ರ ಕಟ್ಟಿಕೊಳ್ಳುತ್ತದೆ. ಪರೀಕ್ಷೆ ನಡೆದದ್ದು ಒಂದೊಂದೇ ಪದಾರ್ಥದ ಮೇಲೆ, ಅದೂ ಬಹಳ ಸಲ ಕ್ರೀಮಿನಲ್ಲಿರುವುದಕ್ಕಿಂತ ಜಾಸ್ತಿ ಪ್ರಮಾಣದಲ್ಲಿ. 2006ರಲ್ಲಿ ಡ್ರೆಯ್ಲೋಸ್ ಮತ್ತು ಡಿನಾರ್ಡೊ ಎಂಬ ಇಬ್ಬರು ಸಂಶೋಧಕರು, ಇಂಥ ಪದಾರ್ಥ ಇರುವ ಸಿದ್ಧ ವಸ್ತುಗಳನ್ನೇ ಮನುಷ್ಯರ ಮೇಲೆ ಪರೀಕ್ಷಿಸಿದರು. ಅಂಕ ಹೆಚ್ಚಿರುವ ಪದಾರ್ಥ ಇದ್ದಮಾತ್ರಕ್ಕೆ ಇಡೀ ವಸ್ತು ರಂಧ್ರ ಕಟ್ಟಿಸಬೇಕೆಂದಿಲ್ಲ ಅಂತ ಅವರಿಗೆ ಕಂಡಿತು.

ಬಾಟಲಿಯ ಮೇಲಿನ ಪದಕ್ಕೂ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಅಳತೆಗೋಲು ಇಲ್ಲ. ಹಾಗಾಗಿ ನಾನು ಅಂಕ ಕೂಡಿಸುತ್ತಾ ಕೂರುವುದಿಲ್ಲ. ಮೊದಲ ಐದಾರು ಹೆಸರು, ಹಚ್ಚಿ ಬಿಡುವುದೋ ತೊಳೆಯುವುದೋ, ಹಿಂದೆ ಏನು ಹಚ್ಚಿದಾಗ ಮೊಡವೆ ಬಂದಿತ್ತು, ಈ ಮೂರನ್ನು ಕೇಳುತ್ತೇನೆ. ಮೂರನೆಯದೇ ಎಲ್ಲಕ್ಕಿಂತ ಉಪಯೋಗ. ಆಗದ ಎರಡು ಮೂರು ವಸ್ತುಗಳ ಹಿಂಬದಿಯ ಫೋಟೊ ನಿಮ್ಮ ಫೋನ್‌ನಲ್ಲಿದ್ದರೆ, ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ಹೆಸರು ಯಾವುದೆಂದು ನೀವೇ ಕಂಡುಕೊಳ್ಳಬಹುದು.

ಪಟ್ಟಿ ಎಲ್ಲ ಸರಿ ಇತ್ತು, ಆದ್ರೂ ಮೊಡವೆ ಬಂತಲ್ಲ?

ಪಟ್ಟಿಯಲ್ಲಿ ಪ್ರಮಾಣ ಇರುವುದಿಲ್ಲ, ನಿಮ್ಮ ಊರಿನ ಹವೆಯೂ ಇರುವುದಿಲ್ಲ. ನನ್ನ ತಂಗಿಯ ಮಗಳು ಇಲ್ಲಿ ಚಳಿಗಾಲದಲ್ಲಿ ಹಚ್ಚುತ್ತಿದ್ದ ಲೋಷನ್ ಅವಳಿಗೆ ಚೆನ್ನಾಗಿತ್ತು. ಓದಲು ಮಂಗಳೂರಿಗೆ ಹೋದಳು. ಅದೇ ಬಾಟಲಿ, ಅದೇ ಬ್ಯಾಚ್. ಮೇ ತಿಂಗಳಲ್ಲಿ ಹಣೆ ತುಂಬ ಗುಳ್ಳೆ. ಅಲ್ಲಿನ ಸೆಕೆಯಲ್ಲಿ ಬೆವರಿನ ಮೇಲೆ ಆ ಲೋಷನ್ ಕೂತೇ ಇರುತ್ತಿತ್ತು. ಹಗುರವಾದ ಜೆಲ್‌ಗೆ ಬದಲಾಯಿಸಿ, ಹಗಲು ಅದನ್ನೂ ಅರ್ಧ ಮಾಡಿದ ಮೇಲೆ ತಿಂಗಳೊಳಗೆ ಇಳಿಯಿತು.

ಅದಕ್ಕೇ ಹೊಸದನ್ನು ದವಡೆಯ ಒಂದು ಬದಿಗೆ ಮಾತ್ರ ಒಂದು ವಾರ ಹಚ್ಚಿ ನೋಡಿ. ಉರಿ, ಕೆಂಪು ಬರುವುದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ರಂಧ್ರ ಕಟ್ಟುವುದು ಗೊತ್ತಾಗಲು ಮೂರು ನಾಲ್ಕು ವಾರ ಬೇಕು. ಆ ಸಮಯದಲ್ಲಿ ಇನ್ನೊಂದು ಹೊಸ ವಸ್ತು ಶುರು ಮಾಡಬೇಡಿ, ಯಾವುದರಿಂದ ಆಯಿತು ಅಂತ ತಿಳಿಯದೆ ಹೋಗುತ್ತದೆ.

ಗುಳ್ಳೆಗಳೆಲ್ಲ ಒಂದೇ ಅಳತೆಯವಾಗಿದ್ದು, ಹಣೆಯ ಮೇಲೆ ಗುಂಪಾಗಿ ಬಂದು ತುರಿಸುತ್ತಿದ್ದರೆ ಅದು ಮೊಡವೆಯಲ್ಲದೆ ಮಲಸೇಜಿಯಾ ಎಂಬ ಶಿಲೀಂಧ್ರದಿಂದ ಬಂದದ್ದಿರಬಹುದು. ಅದಕ್ಕೆ ಮದ್ದೇ ಬೇರೆ. ಪಟ್ಟಿ ಬದಲಿಸುತ್ತಾ ತಿಂಗಳು ಕಳೆಯದೆ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಈಗ ಹಚ್ಚುತ್ತಿರುವ ಎಲ್ಲ ಬಾಟಲಿಗಳ ಮುಂಬದಿ, ಹಿಂಬದಿ ಎರಡರ ಫೋಟೊವನ್ನೂ ತೆಗೆದುಕೊಂಡು ಹೋಗಿ.